ಹೆಸರುಗಳು ಮುಗಿದ ಮೇಲೆ ಬರುವ ದೃಶ್ಯ: ಕೆಜಿಎಫ್‌ನಿಂದ ಕಾಂತಾರದವರೆಗೆ

2022ರ ಏಪ್ರಿಲ್ 14ರಂದು ‘ಕೆಜಿಎಫ್: ಚಾಪ್ಟರ್ 2’ ತೆರೆಗೆ ಬಂದಾಗ ರಾಜಾಜಿನಗರದ ನವರಂಗ್, ಮಾಗಡಿ ರಸ್ತೆಯ ವೀರೇಶ್ ಮತ್ತು ಪ್ರಸನ್ನ, ಡಾ. ರಾಜ್‌ಕುಮಾರ್ ರಸ್ತೆಯ ಒರಾಯನ್ ಮಾಲ್ ಎಂದು ಪಶ್ಚಿಮ ಬೆಂಗಳೂರಿನ ಪ್ರೇಕ್ಷಕರು ಹಂಚಿಹೋಗಿ ಸಿನಿಮಾ ನೋಡಿದರು. ಆ ಚಿತ್ರದ ನಾಯಕ ರಾಕಿ ಕೊನೆಯಲ್ಲಿ ಚಿನ್ನದ ಜೊತೆಗೇ ಸಮುದ್ರ ಸೇರುತ್ತಾನೆ. ತಾಯಿಗೆ ಕೊಟ್ಟ ಮಾತು ನೆರವೇರಿತು, ಕಥೆ ಮುಗಿಯಿತು ಎಂದು ಎದ್ದು ಹೋದವರು ಒಂದು ಸಿನಿಮಾ ನೋಡಿದರು. ತಂತ್ರಜ್ಞರ ಹೆಸರುಗಳೆಲ್ಲ ಪರದೆಯ ಮೇಲೆ ಓಡಿ ಮುಗಿಯುವವರೆಗೆ ಕೂತವರು ನೋಡಿದ್ದು ಬೇರೆಯದೇ ಕೊನೆಯುಳ್ಳ ಸಿನಿಮಾ. ಒಂದೇ ಟಿಕೆಟ್ಟಿಗೆ ಎರಡು ಮುಕ್ತಾಯ ಸಿಗುವುದಕ್ಕೆ ಕಾರಣವಾದ ಆ ಪುಟ್ಟ ತುಣುಕನ್ನೇ ಪೋಸ್ಟ್ ಕ್ರೆಡಿಟ್ ದೃಶ್ಯ ಎನ್ನುತ್ತಾರೆ. ಅದು ಏಕೆ ಹುಟ್ಟಿತು, ಒಂದು ಭಾಗವನ್ನು ಇನ್ನೊಂದಕ್ಕೆ ಹೇಗೆ ಹೊಲಿಯುತ್ತದೆ, ಎಲ್ಲಿ ಆ ಹೊಲಿಗೆ ಬಿಡುತ್ತದೆ ಎಂಬುದನ್ನು ನಮ್ಮದೇ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಬಹುದು.

## ಹೆಸರುಗಳು ಕೊನೆಗೆ ಹೋದದ್ದು

ಹಳೆಯ ಕನ್ನಡ ಚಿತ್ರಗಳಲ್ಲಿ ಈ ದೃಶ್ಯಕ್ಕೆ ಜಾಗವೇ ಇರಲಿಲ್ಲ. ನಿರ್ಮಾಪಕರ ಲಾಂಛನ, ದೇವರ ಚಿತ್ರ, ಕೃತಜ್ಞತೆಗಳು, ತಾರಾಗಣ, ಸಾಹಿತ್ಯ, ಸಂಗೀತ, ಕೊನೆಗೆ ನಿರ್ದೇಶಕರ ಹೆಸರು ಎಲ್ಲವೂ ಸಿನಿಮಾ ಶುರುವಾಗುವ ಮೊದಲೇ ಟೈಟಲ್ ಕಾರ್ಡುಗಳಲ್ಲಿ ಮುಗಿದುಹೋಗುತ್ತಿತ್ತು. ಕೊನೆಯಲ್ಲಿ ‘ಶುಭಂ’ ಎಂಬ ಒಂದೇ ಕಾರ್ಡು. ಅದು ಬರುವ ಹೊತ್ತಿಗೆ ಗೇಟ್ ಕೀಪರ್ ಬಾಗಿಲು ತೆರೆದಿರುತ್ತಿದ್ದ, ಜನ ಅರ್ಧ ಮೆಟ್ಟಿಲು ಇಳಿದಿರುತ್ತಿದ್ದರು.

ಕೊನೆಯಲ್ಲಿ ಕೂರದೆ ಎದ್ದು ಹೋಗುವುದು ನಮ್ಮ ಪ್ರೇಕ್ಷಕರ ಹಳೆಯ ರೂಢಿ. 1962ರ ಚೀನಾ ಯುದ್ಧದ ನಂತರ ದೇಶದ ಚಿತ್ರಮಂದಿರಗಳಲ್ಲಿ ಆಟ ಮುಗಿದ ಮೇಲೆ ರಾಷ್ಟ್ರಗೀತೆ ಹಾಕುವ ಪದ್ಧತಿ ಬಂತು. ಗೀತೆ ನಡೆಯುತ್ತಿರುವಾಗಲೇ ಜನ ಹೊರಗೆ ಹೋಗುತ್ತಿದ್ದದ್ದರಿಂದ ಕ್ರಮೇಣ ಅದು ನಿಂತಿತು. ರಾಷ್ಟ್ರಗೀತೆಗೇ ನಿಲ್ಲದವರನ್ನು ಕ್ಯಾಮೆರಾ ಸಹಾಯಕರ ಹೆಸರು ಓದಲು ಕೂರಿಸುವುದು ಹೇಗೆ?

ಹೆಸರಿನ ಪಟ್ಟಿ ಕೊನೆಗೆ ಸರಿದದ್ದು ಅದು ಉದ್ದವಾದದ್ದರಿಂದ. ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ದುಡಿದವರೆಲ್ಲರ ಹೆಸರು ಹಾಕುವುದು ವಾಡಿಕೆಯಾಯಿತು. ಆಮೇಲೆ ಕಂಪ್ಯೂಟರ್ ಗ್ರಾಫಿಕ್ಸ್ ಬಂದು ಒಂದು ಚಿತ್ರಕ್ಕೆ ನೂರಾರು ಕಲಾವಿದರು ದುಡಿಯುವಂತಾದಾಗ ಆ ಪಟ್ಟಿಯನ್ನು ಆರಂಭದಲ್ಲಿ ಹಾಕುವುದು ಅಸಾಧ್ಯವಾಯಿತು. ಕನ್ನಡದಲ್ಲೂ ದೊಡ್ಡ ಬಜೆಟ್ಟಿನ, ಗ್ರಾಫಿಕ್ಸ್ ಹೆಚ್ಚಿರುವ ಚಿತ್ರಗಳು ಬಂದ ಮೇಲೆ ಇದೇ ಆಯಿತು. ಹೀಗೆ ಕಥೆ ಮುಗಿದ ಮೇಲೆ, ದೀಪ ಹೊತ್ತುವ ಮೊದಲು, ಐದಾರು ನಿಮಿಷಗಳ ಒಂದು ಹೊಸ ಜಾಗ ಹುಟ್ಟಿಕೊಂಡಿತು. ಅಲ್ಲಿ ಕಥೆಯಿಲ್ಲ, ಆದರೆ ಪರದೆಯಿದೆ, ಸಂಗೀತವಿದೆ, ಸ್ವಲ್ಪ ಜನರೂ ಇದ್ದಾರೆ. ಪೋಸ್ಟ್ ಕ್ರೆಡಿಟ್ ದೃಶ್ಯ ನೆಲೆಯೂರಿದ್ದು ಆ ಖಾಲಿ ಜಾಗದಲ್ಲಿ.

ಹೆಸರುಗಳ ನಡುವೆ, ಮುಖ್ಯ ತಂತ್ರಜ್ಞರ ಕಾರ್ಡುಗಳು ಮುಗಿದು ಉದ್ದನೆಯ ಪಟ್ಟಿ ಉರುಳಲು ಶುರುವಾಗುವ ಮೊದಲು ಬಂದರೆ ಅದನ್ನು ಮಿಡ್ ಕ್ರೆಡಿಟ್ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಬಂದರೆ ಪೋಸ್ಟ್ ಕ್ರೆಡಿಟ್. ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು ಬಳಸುವವರೇ ಹೆಚ್ಚು. ಆದರೆ ಚಿತ್ರಮಂದಿರದ ಆಪರೇಟರ್‌ಗೆ ಇವೆರಡರ ವ್ಯತ್ಯಾಸ ಬಹಳ ದೊಡ್ಡದು. ಅದನ್ನು ಮುಂದೆ ನೋಡೋಣ.

## ಸಿಐಡಿ 999ಕ್ಕೆ ಇದು ಬೇಕಿರಲಿಲ್ಲ

ಸರಣಿ ಚಿತ್ರಗಳು ಕನ್ನಡಕ್ಕೆ ಹೊಸದಲ್ಲ. ದೊರೆ–ಭಗವಾನ್ ನಿರ್ದೇಶನದಲ್ಲಿ ರಾಜ್‌ಕುಮಾರ್ ಪತ್ತೇದಾರನಾಗಿ ನಟಿಸಿದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ 1968ರಲ್ಲೇ ಬಂದವು. ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಮುಂದೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಈ ನಾಲ್ಕನ್ನು ಯಾವ ಕ್ರಮದಲ್ಲಿ ನೋಡಿದರೂ ನಷ್ಟವಿಲ್ಲ. ಪ್ರತಿ ಚಿತ್ರದಲ್ಲೂ ಒಂದು ಪ್ರಕರಣ, ಅದರ ಪತ್ತೆ, ಅಲ್ಲಿಗೆ ಮುಕ್ತಾಯ. ಚಿತ್ರದಿಂದ ಚಿತ್ರಕ್ಕೆ ದಾಟುವುದು ನಾಯಕ ಮಾತ್ರ, ಕಥೆಯಲ್ಲ. ಮುಂದಿನ ಭಾಗದ ಸುಳಿವು ಕೊಡಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ.

‘ಆಪ್ತಮಿತ್ರ’ (2004) ಮತ್ತು ‘ಆಪ್ತರಕ್ಷಕ’ (2010) ಇನ್ನೊಂದು ಬಗೆ. ಅಲ್ಲಿ ವಿಷ್ಣುವರ್ಧನ್ ಅವರ ಡಾ. ವಿಜಯ್ ಜೊತೆಗೆ ನಾಗವಲ್ಲಿಯೂ ಒಂದು ಚಿತ್ರಪಟದ ಮೂಲಕ ಎರಡನೇ ಕಥೆಗೆ ಬರುತ್ತಾಳೆ. ಆದರೆ ಆ ಕೊಂಡಿಯನ್ನು ಬೆಸೆದದ್ದು ಎರಡನೇ ಚಿತ್ರ, ಮೊದಲ ಚಿತ್ರ ಗೆದ್ದ ಮೇಲೆ. ಪೋಸ್ಟ್ ಕ್ರೆಡಿಟ್ ದೃಶ್ಯ ಇದನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಕೊಂಡಿಯನ್ನು ಹಾಕುವುದು ಮೊದಲ ಚಿತ್ರ. ಅದೂ ಎರಡನೆಯದು ಚಿತ್ರೀಕರಣವಾಗುವುದೋ ಇಲ್ಲವೋ ಗೊತ್ತಾಗುವ ಮೊದಲೇ. ಈ ದೃಶ್ಯದ ಶಕ್ತಿಯೂ ಅಪಾಯವೂ ಇರುವುದು ಇದರಲ್ಲೇ.

## ಮಾತು ಕೊಟ್ಟು ತಪ್ಪಿದ ಬಾಂಡ್, ಉಳಿಸಿಕೊಂಡ ಐರನ್ ಮ್ಯಾನ್

ಅಪಾಯ ಹೇಗಿರುತ್ತದೆ ಎಂಬುದಕ್ಕೆ ಜೇಮ್ಸ್ ಬಾಂಡ್ ಸರಣಿ ಸಾಕ್ಷಿ. 1963ರಿಂದ ಆ ಚಿತ್ರಗಳ ಕೊನೆಯಲ್ಲಿ ‘ಬಾಂಡ್ ಮತ್ತೆ ಬರುತ್ತಾನೆ’ ಎಂಬ ಸಾಲು ಬರತೊಡಗಿತು. ಅದರ ಜೊತೆಗೆ ಎಷ್ಟೋ ಬಾರಿ ಮುಂದಿನ ಚಿತ್ರದ ಹೆಸರನ್ನೂ ಹಾಕುತ್ತಿದ್ದರು. 1977ರ ‘ದ ಸ್ಪೈ ಹೂ ಲವ್ಡ್ ಮಿ’ ಚಿತ್ರದ ಕೊನೆಯಲ್ಲಿ ಮುಂದಿನದು ‘ಫಾರ್ ಯುವರ್ ಐಸ್ ಓನ್ಲಿ’ ಎಂದು ಘೋಷಿಸಿದರು. ಅದೇ ವರ್ಷ ‘ಸ್ಟಾರ್ ವಾರ್ಸ್’ ಬಂದು ಬಾಹ್ಯಾಕಾಶದ ಕಥೆಗಳಿಗೆ ಭಾರೀ ಬೇಡಿಕೆ ಹುಟ್ಟಿತು. ನಿರ್ಮಾಪಕರು ಮನಸ್ಸು ಬದಲಿಸಿ 1979ರಲ್ಲಿ ಬಾಂಡ್‌ನನ್ನು ಬಾಹ್ಯಾಕಾಶಕ್ಕೆ ಕಳಿಸುವ ‘ಮೂನ್‌ರೇಕರ್’ ತೆಗೆದರು. ಹೇಳಿದ ಚಿತ್ರ ಬಂದದ್ದು 1981ರಲ್ಲಿ. ನಿಖರವಾಗಿ ಹೆಸರಿಟ್ಟು ಹೇಳಿದ್ದೇ ಅಲ್ಲಿ ತೊಡಕಾಯಿತು.

2008ರ ‘ಐರನ್ ಮ್ಯಾನ್’ ಈ ಪಾಠ ಕಲಿತಂತೆ ನಡೆದುಕೊಂಡಿತು. ಹೆಸರುಗಳೆಲ್ಲ ಮುಗಿದ ಮೇಲೆ ನಾಯಕನ ಮನೆಯ ಕತ್ತಲಲ್ಲಿ ನಿಕ್ ಫ್ಯೂರಿ ಎಂಬ ಅಪರಿಚಿತ ನಿಂತಿರುತ್ತಾನೆ. ಜಗತ್ತಿನಲ್ಲಿ ನಿನ್ನಂಥ ವೀರ ನೀನೊಬ್ಬನೇ ಅಲ್ಲ ಎಂಬರ್ಥದ ಮಾತಾಡಿ, ಅವೆಂಜರ್ಸ್ ಎಂಬ ಹೆಸರು ಉಸುರುತ್ತಾನೆ. ಅಷ್ಟೇ. ಯಾವ ಖಳನಾಯಕ, ಯಾವ ವರ್ಷ, ಯಾರು ಯಾರು ಸೇರುತ್ತಾರೆ ಎಂಬುದೇನೂ ಇಲ್ಲ. ಬಿಡುಗಡೆಗೆ ಮುನ್ನ ಪತ್ರಕರ್ತರಿಗೆ ತೋರಿಸಿದ ಪ್ರತಿಯಲ್ಲಿ ಈ ದೃಶ್ಯವನ್ನು ತೆಗೆದಿದ್ದರು, ಗುಟ್ಟು ಹೊರಬೀಳದಿರಲಿ ಎಂದು. ‘ದ ಅವೆಂಜರ್ಸ್’ ಬಂದದ್ದು ನಾಲ್ಕು ವರ್ಷದ ಮೇಲೆ, 2012ರಲ್ಲಿ. ನಡುವೆ ಬಂದ ಚಿತ್ರಗಳು ಒಂದೊಂದಾಗಿ ಇಂಥ ತುಣುಕುಗಳಿಂದಲೇ ಹೆಣೆದುಕೊಂಡವು. 2010ರ ‘ಐರನ್ ಮ್ಯಾನ್ 2’ರ ಕೊನೆಯಲ್ಲಿ ಮರುಭೂಮಿಯಲ್ಲಿ ಒಂದು ಸುತ್ತಿಗೆ ಬಿದ್ದಿರುತ್ತದೆ. ಮರುವರ್ಷದ ‘ಥಾರ್’ ಚಿತ್ರದಲ್ಲಿ ಅದು ಯಾರದ್ದು ಎಂದು ತಿಳಿಯುತ್ತದೆ.

ಬೆಂಗಳೂರಿನವರಿಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿದೆ. ‘ದ ಅವೆಂಜರ್ಸ್’ ಚಿತ್ರದ ತೀರಾ ಕೊನೆಗೆ ವೀರರೆಲ್ಲ ಕೂತು ಮಾತಿಲ್ಲದೆ ಶವರ್ಮಾ ತಿನ್ನುವ ಪ್ರಸಿದ್ಧ ದೃಶ್ಯವಿದೆ. ಅದನ್ನು ಚಿತ್ರೀಕರಿಸಿದ್ದು ಚಿತ್ರದ ಮೊದಲ ಪ್ರದರ್ಶನವೇ ಆಗಿಹೋದ ಮೇಲೆ, ಸೇರಿಸಿದ್ದು ಮೇ ತಿಂಗಳ ಅಮೆರಿಕದ ಬಿಡುಗಡೆಗೆ. ಭಾರತದಲ್ಲಿ ಚಿತ್ರ ಅದಕ್ಕೂ ಒಂದು ವಾರ ಮೊದಲೇ, ಏಪ್ರಿಲ್ 27ರಂದು ತೆರೆಕಂಡಿತ್ತು. ಹಾಗಾಗಿ ಇಲ್ಲಿ ಮೊದಲ ದಿನ ಕೊನೆಯವರೆಗೆ ಕಾದು ಕೂತವರಿಗೂ ಅದು ಸಿಗಲಿಲ್ಲ. ಮೇಲಾಗಿ ನಮ್ಮಲ್ಲಿ ಸೆನ್ಸಾರ್ ಆದ ಪ್ರತಿಗೆ ಆಮೇಲೆ ಏನನ್ನೇ ಸೇರಿಸಿದರೂ ಮಂಡಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊನೆ ಗಳಿಗೆಯಲ್ಲಿ ದೃಶ್ಯ ಅಂಟಿಸುವ ಸಲುಗೆ ಇಲ್ಲಿ ಕಡಿಮೆ.

## ಕೆಜಿಎಫ್: ಸತ್ತ ನಾಯಕನ ಮುಂದಿನ ಕಥೆ

ಈಗ ಕೆಜಿಎಫ್‌ಗೆ ಬರೋಣ. ಪ್ರಶಾಂತ್ ನೀಲ್ ನಿರ್ದೇಶನ, ಹೊಂಬಾಳೆ ಫಿಲಂಸ್ ನಿರ್ಮಾಣ. ಮೊದಲ ಭಾಗ ಬಂದದ್ದು 2018ರ ಡಿಸೆಂಬರ್ 21ರಂದು. ಆ ಭಾಗಕ್ಕೆ ಪೋಸ್ಟ್ ಕ್ರೆಡಿಟ್ ದೃಶ್ಯದ ಹಂಗು ಬೇಕಿರಲಿಲ್ಲ. ಎರಡು ಭಾಗ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತು, ಕಥೆಯೂ ಅರ್ಧಕ್ಕೇ ನಿಲ್ಲುತ್ತದೆ. ಖಳನಾಯಕ ಗರುಡ ಸತ್ತ, ಅವನ ಜಾಗಕ್ಕೆ ಇನ್ನು ಅಧೀರ ಬರುತ್ತಾನೆ ಎಂಬುದನ್ನು ಮುಖ್ಯ ಕಥೆಯೇ ಹೇಳಿಬಿಡುತ್ತದೆ. ಕಥೆ ಅರ್ಧಕ್ಕೆ ನಿಂತ ಕಡೆ ಬೇರೆ ಕೊಂಡಿ ಯಾಕೆ?

ಎರಡನೇ ಭಾಗದ ಸಮಸ್ಯೆ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಕಥೆ ಮುಗಿಯಲೇಬೇಕು. ಪ್ರಧಾನಿ ರಮಿಕಾ ಸೇನ್ ರಾಕಿಯ ಸಾವಿಗೆ ಆದೇಶ ಕೊಡುವುದನ್ನು ಮೊದಲ ಭಾಗವೇ ತೋರಿಸಿತ್ತು. ಆ ಸಾವು ನಡೆಯದೆ ಹೋದರೆ ಎರಡೂ ಚಿತ್ರಗಳ ನಿರೂಪಣೆ ಕುಸಿಯುತ್ತದೆ. ಇನ್ನೊಂದೆಡೆ, ಇಷ್ಟು ದೊಡ್ಡದಾಗಿ ಬೆಳೆದ ಸರಣಿಯ ಬಾಗಿಲನ್ನು ಶಾಶ್ವತವಾಗಿ ಮುಚ್ಚಲು ಯಾವ ನಿರ್ಮಾಪಕರೂ ಒಪ್ಪಲಾರರು. ನಾಯಕನನ್ನು ಸಾಯಿಸಲೂಬೇಕು, ಕಥೆಯನ್ನು ಉಳಿಸಲೂಬೇಕು. ಈ ಎರಡನ್ನೂ ಒಂದೇ ಕ್ಲೈಮ್ಯಾಕ್ಸಿನಲ್ಲಿ ತುರುಕಿದ್ದರೆ ಸಾವು ಹುಸಿಯಾಗುತ್ತಿತ್ತು. ಸಮುದ್ರಕ್ಕೆ ಇಳಿಯುತ್ತಿರುವ ರಾಕಿ ಕಣ್ಣು ಬಿಟ್ಟ ಎಂದು ತೋರಿಸಿದ್ದರೆ, ತಾಯಿಯ ಮಾತಿನ ಸುತ್ತ ಕಟ್ಟಿದ ಆ ಇಡೀ ಭಾವ ಒಂದೇ ಕ್ಷಣದಲ್ಲಿ ಸೋರಿಹೋಗುತ್ತಿತ್ತು.

ಹೆಸರುಗಳ ಪಟ್ಟಿ ಇಲ್ಲಿ ಗೋಡೆಯ ಕೆಲಸ ಮಾಡುತ್ತದೆ. ಗೋಡೆಯ ಈಚೆ ರಾಕಿ ಸತ್ತಿದ್ದಾನೆ, ಪ್ರೇಕ್ಷಕರು ಆ ಸಾವಿನ ಜೊತೆ ಕೆಲವು ನಿಮಿಷ ಇರುತ್ತಾರೆ. ಆಚೆ ಬಂದಾಗ ದೃಶ್ಯ ಆ ಸಾವನ್ನು ಮುಟ್ಟುವುದೇ ಇಲ್ಲ, ಸಾವಿಗಿಂತ ಮೂರು ತಿಂಗಳು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿಯೊಬ್ಬ ರಮಿಕಾ ಸೇನ್ ಎದುರು ಒಂದು ಕಡತ ಇಡುತ್ತಾನೆ. 1978ರಿಂದ 1981ರವರೆಗೆ ಅಮೆರಿಕ ಮತ್ತು ಇನ್ನೂ 16 ದೇಶಗಳಲ್ಲಿ ರಾಕಿ ನಡೆಸಿದ ಅಪರಾಧಗಳ ವಿವರ ಅದರಲ್ಲಿದೆ. ಇತ್ತ ವರ್ತಮಾನದಲ್ಲಿ, ಸುದ್ದಿವಾಹಿನಿಯ ಕಚೇರಿಯಲ್ಲಿ ಮೂರನೇ ಅಧ್ಯಾಯದ ಕರಡು ಸಿಗುತ್ತದೆ.

ಈ ಎರಡು ವಸ್ತುಗಳು, ಕಡತ ಮತ್ತು ಕರಡು, ಮಾಡುವ ಕೆಲಸವನ್ನು ಬಿಡಿಸಿ ನೋಡುವುದು ಒಳ್ಳೆಯದು. ಇಡೀ ದೃಶ್ಯದ ಕಸುಬು ಇವುಗಳಲ್ಲೇ ಇದೆ.

ಕಡತದಲ್ಲಿರುವ ವರ್ಷಗಳನ್ನು ಗಮನಿಸಿ. ಎರಡನೇ ಭಾಗದಲ್ಲಿ ನಾವು ಕೂತು ನೋಡಿದ ಕಥೆಯ ಕಾಲವೂ ಸರಿಸುಮಾರು ಅದೇ. ಅಂದರೆ ರಾಕಿ ಚಿನ್ನದ ಗಣಿ ನರಾಚಿಯಲ್ಲಿ ರಾಜ್ಯವಾಳುತ್ತಿದ್ದಾಗ, ಅಧೀರನ ಜೊತೆ ಕಾದಾಡುತ್ತಿದ್ದಾಗ, ನಮಗೆ ತೋರಿಸದ ಇನ್ನೊಂದು ಬದುಕೂ ಅವನಿಗಿತ್ತು ಎಂದಾಯಿತು. ಮುಂದಕ್ಕೆ ದಾರಿ ಮುಚ್ಚಿದೆ, ಸತ್ತವನಿಗೆ ಭವಿಷ್ಯವಿಲ್ಲ. ಆದ್ದರಿಂದ ದೃಶ್ಯ ಪಕ್ಕಕ್ಕೆ ದಾರಿ ತೆಗೆಯುತ್ತದೆ, ಈಗಾಗಲೇ ನೋಡಿದ ಕಾಲದ ಒಳಗೇ ಜಾಗ ಹುಡುಕುತ್ತದೆ. ಸಾವು ಸಾವಾಗಿಯೇ ಉಳಿಯುತ್ತದೆ, ಕಥೆಗೂ ಅವಕಾಶ ಸಿಗುತ್ತದೆ. ಕನ್ನಡದಲ್ಲಿ ನಾನು ನೋಡಿದ ಇಂಥ ದೃಶ್ಯಗಳಲ್ಲಿ ಲೆಕ್ಕಾಚಾರ ಇಷ್ಟು ಬಿಗಿಯಾಗಿರುವುದು ಬೇರೊಂದಿಲ್ಲ.

ಕರಡಿನ ಕೆಲಸ ಬೇರೆ. ಕೆಜಿಎಫ್ ಕಥೆಯನ್ನು ನಮಗೆ ಹೇಳುತ್ತಿರುವುದೇ ಒಂದು ಪುಸ್ತಕ. ಮೊದಲ ಭಾಗದಲ್ಲಿ ಅನಂತ್ ನಾಗ್ ಅವರ ಆನಂದ್ ಇಂಗಳಗಿ ಬರೆದ, ಸರ್ಕಾರ ನಿಷೇಧಿಸಿದ ‘ಎಲ್ ಡೊರಾಡೊ’ ಪುಸ್ತಕದಿಂದ ಕಥೆ ಬಿಚ್ಚಿಕೊಳ್ಳುತ್ತದೆ. ಮಾಳವಿಕಾ ಅವಿನಾಶ್ ಅವರ ಪತ್ರಕರ್ತೆ ದೀಪಾ ಹೆಗಡೆ ಕೇಳುತ್ತಾ ಹೋಗುತ್ತಾರೆ. ಎರಡನೇ ಭಾಗದಲ್ಲಿ ಹೇಳುವವರು ಪ್ರಕಾಶ್ ರಾಜ್ ಅವರ ವಿಜಯೇಂದ್ರ ಇಂಗಳಗಿ, ಆನಂದರ ಮಗ. ಹೇಳುವವರು ಬದಲಾದರೂ ಬರಹ ಉಳಿಯಿತು. ‘ಚಾಪ್ಟರ್’ ಎಂಬ ಹೆಸರು ಹಾಗಾಗಿ ಕೇವಲ ಪೋಸ್ಟರಿನ ಅಲಂಕಾರವಲ್ಲ, ಕಥೆಯ ಒಳಗಿನ ಪುಸ್ತಕದ ಅಧ್ಯಾಯವೇ ಹೌದು. ಸುದ್ದಿವಾಹಿನಿಯ ಆ ಕಚೇರಿಯಲ್ಲಿ ಇನ್ನೊಂದು ಕಟ್ಟು ಕಾಗದ ಸಿಕ್ಕಿತು ಎಂದರೆ, ಇನ್ನೊಂದು ಸಿನಿಮಾ ಇದೆ ಎಂದು ಹೇಳಲು ಬೇರೆ ಘೋಷಣೆ ಬೇಕಿಲ್ಲ. ಮೊದಲ ದೃಶ್ಯದಿಂದ ಕಟ್ಟಿಕೊಂಡು ಬಂದ ಚೌಕಟ್ಟನ್ನೇ ಕೊಂಡಿಯಾಗಿಸಿದ ಜಾಣ್ಮೆ ಇದು. ಹೊಸ ಪಾತ್ರ, ಹೊಸ ನಟ, ಹೊಸ ಸೆಟ್ ಏನೂ ಬೇಕಾಗಲಿಲ್ಲ.

ಇನ್ನು ಮಿತಿ. ಕಡತ ತೀರಾ ನಿಖರವಾಗಿದೆ. ದೇಶಗಳ ಸಂಖ್ಯೆ ಹೇಳಿದೆ, ವರ್ಷಗಳನ್ನು ಹೇಳಿದೆ, ಅಮೆರಿಕವನ್ನು ಒಳಗೆ ತಂದಿದೆ. ಮೂರನೇ ಚಿತ್ರ ಮಾಡುವವರು ಇದಕ್ಕೆಲ್ಲ ಲೆಕ್ಕ ಒಪ್ಪಿಸಬೇಕು. ರಾಕಿ ಅಷ್ಟು ದೇಶ ಸುತ್ತಿದ್ದು ಯಾವಾಗ, ಆಗ ನರಾಚಿ ಯಾರ ಕೈಯಲ್ಲಿತ್ತು, ಅವನ ಹೆಂಡತಿ ರೀನಾಗೆ ಇದು ಗೊತ್ತಿತ್ತೇ? ಎರಡನೇ ಭಾಗವನ್ನು ಹತ್ತು ಸಲ ನೋಡಿದ ಅಭಿಮಾನಿಗಳು ಇದನ್ನೆಲ್ಲ ಕೇಳದೆ ಬಿಡುವುದಿಲ್ಲ. ನಿರ್ದೇಶಕರು ಆಮೇಲೆ ‘ಸಲಾರ್’ ಕಡೆ ಹೋದರು, ಅದು 2023ರ ಡಿಸೆಂಬರ್ 22ರಂದು ಬಂತು. ಮೂರನೇ ಅಧ್ಯಾಯ ಇನ್ನೂ ತೆರೆ ಕಂಡಿಲ್ಲ. ಈ ಅಂತರ ಬೆಳೆದಷ್ಟೂ ನಟರ ವಯಸ್ಸು, ಮಾರುಕಟ್ಟೆ, ನಿರ್ದೇಶಕರ ಆಸಕ್ತಿ ಎಲ್ಲ ಬದಲಾಗುತ್ತವೆ, ಪರದೆಯ ಮೇಲೆ ಬರೆದಿಟ್ಟ ಇಸವಿ ಮಾತ್ರ ಬದಲಾಗುವುದಿಲ್ಲ.

## ಕಾಂತಾರ: ಹುಡುಗನ ಒಂದು ಪ್ರಶ್ನೆ

ಅದೇ ವರ್ಷ, ಅದೇ ನಿರ್ಮಾಣ ಸಂಸ್ಥೆಯಿಂದ, 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿ ಅವರ ‘ಕಾಂತಾರ’ ಬಂತು. ಅದರ ಕೊನೆಯಲ್ಲಿ ದೈವ ಮೈಮೇಲೆ ಬಂದ ನಾಯಕ ಶಿವ ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ಚಿತ್ರದ ಆರಂಭದಲ್ಲಿ ಅವನ ತಂದೆಯೂ ಹೀಗೇ ಮಾಯವಾಗಿದ್ದ. ವೃತ್ತ ಪೂರ್ತಿಯಾಯಿತು. ಆಮೇಲೆ ಹೆಸರುಗಳ ನಡುವೆ ಒಂದು ಪುಟ್ಟ ದೃಶ್ಯ. ಶಿವ ಮತ್ತು ಲೀಲಾಳ ಮಗ, ಊರಿನ ಸುಂದರನ ಬಳಿ, ಅಪ್ಪ ಮಾಯವಾದ ಮೇಲೆ ಏನಾಯಿತು ಎಂದು ಕೇಳುತ್ತಾನೆ.

ಖರ್ಚಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಒಬ್ಬ ಹುಡುಗ, ಒಬ್ಬ ನಟ, ಒಂದು ಪ್ರಶ್ನೆ. ಆದರೆ ದಿಕ್ಕು ಸ್ಪಷ್ಟವಾಗಿದೆ. ಮಗ ಅಪ್ಪನ ಬಗ್ಗೆ ಕೇಳಿದರೆ ಉತ್ತರ ಸಿಗುವುದು ಹಿಂದೆ, ಅಜ್ಜಂದಿರ ಕಾಲದಲ್ಲಿ, ಆ ಜಾಗದ ದಂತಕಥೆಯಲ್ಲಿ. ಚಿತ್ರದ ನೂರು ದಿನದ ಸಂಭ್ರಮದಲ್ಲಿ ರಿಷಬ್ ಅವರು, ನೀವು ನೋಡಿದ್ದು ಎರಡನೇ ಭಾಗ, ಮೊದಲ ಭಾಗ ಇನ್ನು ಬರುತ್ತದೆ ಎಂದಾಗ ಈ ದೃಶ್ಯಕ್ಕೆ ಅರ್ಥ ತುಂಬಿಕೊಂಡಿತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಆ ಹುಡುಗನ ಕುತೂಹಲವನ್ನೇ ಹಿಡಿದುಕೊಂಡು ಕದಂಬರ ಕಾಲಕ್ಕೆ ಇಳಿಯುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಂತಾರದ ದಾರಿಯೇ ಹೆಚ್ಚು ಸುರಕ್ಷಿತವಾಗಿ ಕಾಣುತ್ತದೆ. ಪ್ರಶ್ನೆಗೆ ಯಾವ ಉತ್ತರ ಕೊಡಬೇಕೆಂಬ ಸ್ವಾತಂತ್ರ್ಯ ಬರೆಯುವವರ ಕೈಯಲ್ಲೇ ಉಳಿಯಿತು. ಯಾವ ರಾಜ, ಯಾವ ಶತಮಾನ, ಯಾವ ದೈವ ಎಂಬುದನ್ನು ಮೂರು ವರ್ಷ ಕೂತು ತೀರ್ಮಾನಿಸಬಹುದಿತ್ತು. ಮೊದಲ ಚಿತ್ರ ಕರಾವಳಿಯ ಆಚೆಗೂ ಗೆದ್ದು ಬಜೆಟ್ ಹಿಗ್ಗಿದಾಗ, ಆ ಹಿಗ್ಗಿದ ಬಜೆಟ್ಟಿಗೆ ತಕ್ಕ ಕಥೆಯನ್ನು ಅದೇ ಪ್ರಶ್ನೆಯ ಕೆಳಗೆ ಕೂರಿಸಬಹುದಿತ್ತು, ಕೂರಿಸಿದರು. ಒಂದು ವೇಳೆ ಮುಂದಿನ ಚಿತ್ರ ಬಾರದೇ ಹೋಗಿದ್ದರೂ, ಅಪ್ಪನಿಲ್ಲದ ಹುಡುಗ ಅಪ್ಪನ ಬಗ್ಗೆ ಕೇಳುವುದು ತನ್ನಷ್ಟಕ್ಕೇ ಪೂರ್ಣವಾದ, ಮನಸ್ಸು ತಟ್ಟುವ ಮುಕ್ತಾಯವಾಗಿ ಉಳಿಯುತ್ತಿತ್ತು. ಸಿಐಎ ಕಡತಕ್ಕೆ ಆ ಅನುಕೂಲವಿಲ್ಲ. ಮೂರನೇ ಚಿತ್ರವಿಲ್ಲದೆ ಅದಕ್ಕೆ ಅರ್ಥವಿಲ್ಲ.

ಮುಂದಿನ ಭಾಗದ ಟೀಸರನ್ನು ಕೊನೆಗೆ ಹಚ್ಚುವುದನ್ನೂ ಇದರ ಜೊತೆ ಸೇರಿಸಿ ಮಾತಾಡುವವರಿದ್ದಾರೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ 2023ರ ಸೆಪ್ಟೆಂಬರ್ 1ರಂದು ಬಂದಾಗ ಕೊನೆಯಲ್ಲಿ ಸೈಡ್ ಬಿ ತುಣುಕುಗಳಿದ್ದವು. ಅಕ್ಟೋಬರ್‌ನಲ್ಲಿ ಎಂದು ಮೊದಲು ಹೇಳಿದ್ದ ಸೈಡ್ ಬಿ ಬಂದದ್ದು ನವೆಂಬರ್ 17ಕ್ಕೆ. ಆ ತುಣುಕುಗಳು ಮುಂದಿನ ಚಿತ್ರದೊಳಗಿನವು, ಜಾಹೀರಾತಿನಂತೆ ಕತ್ತರಿಸಿ ಜೋಡಿಸಿದವು. ಪೋಸ್ಟ್ ಕ್ರೆಡಿಟ್ ದೃಶ್ಯವಾದರೋ ಈಗ ನೋಡಿದ ಚಿತ್ರದ್ದೇ ಭಾಗ. ಅದರೊಳಗೆ ಒಂದು ಘಟನೆ ನಡೆಯುತ್ತದೆ, ನಡೆದದ್ದು ಕಥೆಯ ಲೆಕ್ಕಕ್ಕೆ ಸೇರುತ್ತದೆ.

## ಪ್ರೊಜೆಕ್ಟರ್ ಕೋಣೆಯಲ್ಲಿ ಏನಾಗುತ್ತದೆ

ಇಷ್ಟೆಲ್ಲ ಯೋಚಿಸಿ ತೆಗೆದ ದೃಶ್ಯ ಪ್ರೇಕ್ಷಕರಿಗೆ ಮುಟ್ಟುವುದು ಕೊನೆಗೆ ದೀಪದ ಸ್ವಿಚ್ಚಿನ ಮೇಲೆ ನಿಂತಿದೆ. ಈಗ ಚಿತ್ರಮಂದಿರಕ್ಕೆ ಬರುವುದು ರೀಲಿನ ಡಬ್ಬವಲ್ಲ, ಬೀಗ ಹಾಕಿದ ಡಿಜಿಟಲ್ ಕಡತ. ಜಾಗತಿಕ ಮಾನದಂಡದ ಡಿಜಿಟಲ್ ಪ್ರತಿಯ ಜೊತೆ ಯಾವ ಫ್ರೇಮಿನಲ್ಲಿ ಏನು ಶುರುವಾಗುತ್ತದೆ ಎಂಬ ಗುರುತುಗಳನ್ನು ಇಡಲು ವ್ಯವಸ್ಥೆಯಿದೆ. ಕೊನೆಯ ಹೆಸರುಗಳ ಮೊದಲ ಫ್ರೇಮಿಗೆ FFEC, ಉರುಳುವ ಪಟ್ಟಿಯ ಮೊದಲ ಫ್ರೇಮಿಗೆ FFMC, ಅದರ ಕೊನೆಯ ಫ್ರೇಮಿಗೆ LFMC ಎಂಬ ಗುರುತು. ಆಟದ ಪಟ್ಟಿ ಸಿದ್ಧಪಡಿಸುವಾಗ ಆಪರೇಟರ್ ಈ ಜಾಗಗಳಲ್ಲಿ ದೀಪಕ್ಕೆ ಆದೇಶ ಕೂರಿಸಬಹುದು. ಹೆಸರು ಶುರುವಾದಾಗ ಅರ್ಧ ಬೆಳಕು, ಪೂರ್ತಿ ಮುಗಿದಾಗ ಪೂರ್ಣ ಬೆಳಕು.

ಪೋಸ್ಟ್ ಕ್ರೆಡಿಟ್ ದೃಶ್ಯವಿರುವ ಚಿತ್ರಕ್ಕೆ ಇನ್ನೊಂದು ಆದೇಶ ಬೇಕು. ಉರುಳುವ ಪಟ್ಟಿ ಮುಗಿದ ಫ್ರೇಮಿನಲ್ಲಿ ಮತ್ತೆ ಕತ್ತಲಾಗಬೇಕು. ಮಿಡ್ ಕ್ರೆಡಿಟ್ ಆದರೆ ಇನ್ನೂ ಸೂಕ್ಷ್ಮ, ಆ ದೃಶ್ಯ ಮುಗಿಯುವವರೆಗೆ ದೀಪ ಹೊತ್ತಲೇಬಾರದು. ಹಳೆಯ ರೂಢಿಯಂತೆ ಹೆಸರು ಕಂಡ ಕೂಡಲೇ ಸ್ವಿಚ್ ಒತ್ತಿದರೆ, ಕೆಜಿಎಫ್‌ನಂಥ ಕಪ್ಪು ಬಣ್ಣ ತುಂಬಿದ ಚಿತ್ರದಲ್ಲಿ ಕಪ್ಪೆಲ್ಲ ಬೂದಿಯಾಗಿ, ಕಡತ ಇಡುವ ಕೈ ಮಾತ್ರ ಮಸುಕಾಗಿ ಕಾಣುತ್ತದೆ. ಮಧ್ಯಾಹ್ನದ ಆಟವಾಗಿದ್ದು ಪಕ್ಕದ ಬಾಗಿಲನ್ನೂ ತೆರೆದರೆ ಹೊರಗಿನ ಬಿಸಿಲು ನೇರ ಪರದೆಗೇ ಹೊಡೆಯುತ್ತದೆ. ಹೆಸರು ಓಡುವಾಗ ಬೆಳಕು ಅರ್ಧಕ್ಕೆ ನಿಂತಿದ್ದು, ಬಾಗಿಲ ಬಳಿಯವರು ಪರದೆ ಸರಿಸದೆ ಕಾಯುತ್ತಿದ್ದರೆ, ಇನ್ನೇನೋ ಇದೆ ಎಂದು ತಿಳಿಯಬಹುದು.

ಆಪರೇಟರ್ ಅವಸರಕ್ಕೂ ಕಾರಣವಿದೆ. ಕರ್ನಾಟಕದ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ಬಹುಕಾಲದಿಂದ ಆಟದ ಸಮಯ 10.30, 1.30, 4.30, 7.30. ಒಂದು ಆಟಕ್ಕೆ ಮೂರು ಗಂಟೆ, ಅಂದರೆ 180 ನಿಮಿಷ. ಕೆಜಿಎಫ್ ಎರಡನೇ ಭಾಗದ ಉದ್ದ ಎರಡು ಮುಕ್ಕಾಲು ಗಂಟೆಗೂ ಮಿಗಿಲು. ಅದನ್ನು 165 ನಿಮಿಷ ಎಂದೇ ಹಿಡಿಯಿರಿ. ಇಂಟರ್‌ವಲ್ಲಿಗೆ 15, ಜಾಹೀರಾತು ಮತ್ತು ಧೂಮಪಾನದ ಎಚ್ಚರಿಕೆಗೆ 10 ಸೇರಿಸಿದರೆ 190 ನಿಮಿಷ. ಕಸ ಗುಡಿಸುವ ಮೊದಲೇ ಹತ್ತು ನಿಮಿಷ ಸಾಲ. ಸಮಯ ಬದಲಿಸದೆ ಹೋದರೆ ಮೂರು ಆಟ ಕಳೆದು ರಾತ್ರಿಯ ಆಟಕ್ಕೆ ಬರುವಾಗ ಅರ್ಧ ಗಂಟೆ ತಡ. ಕೊನೆಯ ಹೆಸರುಗಳ ಐದಾರು ನಿಮಿಷದಲ್ಲಿ ಜನರನ್ನು ಹೊರಗೆ ಕಳಿಸಿದರೆ ಆ ಸಾಲ ಸ್ವಲ್ಪ ತೀರುತ್ತದೆ. ಮಲ್ಟಿಪ್ಲೆಕ್ಸಿನಲ್ಲಿ ಪರದೆಗಳು ಹಲವಿರುವುದರಿಂದ ಸಮಯ ಹೊಂದಿಸುವುದು ಸುಲಭ, ದೀಪದ ಆದೇಶವೂ ಸಾಮಾನ್ಯವಾಗಿ ಮೊದಲೇ ಕೂತಿರುತ್ತದೆ.

ಪ್ರೇಕ್ಷಕರ ಕಡೆಯ ಅವಸರವೂ ಕಡಿಮೆಯದಲ್ಲ. ಮಾಗಡಿ ರಸ್ತೆಯಲ್ಲಿ 7.30ರ ಆಟ ನೋಡಿದವರಿಗೆ, ಆಟ ಸಮಯಕ್ಕೆ ಶುರುವಾದರೂ, ಇದೇ ಲೆಕ್ಕದಲ್ಲಿ 10.40 ಆಗುತ್ತದೆ. 2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ ಮೇಲೆ ವಿಜಯನಗರದವರ ಜೊತೆ ಕೆಂಗೇರಿ ಕಡೆಯವರೂ ಮೆಟ್ರೊ ನಂಬಿ ರಾತ್ರಿ ಆಟಕ್ಕೆ ಬರುತ್ತಾರೆ, ಅವರ ಕಣ್ಣು ಕೊನೆಯ ರೈಲಿನ ಮೇಲೆ. ಬಸವೇಶ್ವರನಗರದಿಂದ ಗಾಡಿಯಲ್ಲಿ ಬಂದವರಿಗೆ ಪಾರ್ಕಿಂಗ್‌ನಿಂದ ಮೊದಲು ಹೊರಬೀಳುವ ಆತುರ. ಆಟ ತಡವಾಗಿ ಶುರುವಾದ ದಿನ ಕೊನೆಯ ದೃಶ್ಯಕ್ಕೆ ಕೂರುವುದೆಂದರೆ ಆಟೊಗೆ ದುಡ್ಡು ತೆರುವುದು ಎಂದೇ ಅರ್ಥ. ಮಿಡ್ ಕ್ರೆಡಿಟ್ ಜಾಗ ಇಲ್ಲಿ ಗೆಲ್ಲುತ್ತದೆ. ಜನ ಇನ್ನೂ ಎದ್ದು ನಿಂತು ಚಪ್ಪಲಿ ಹುಡುಕುತ್ತಿರುವಾಗಲೇ ಬರುವ ಕಾಂತಾರದ ಹುಡುಗನನ್ನು ಹೆಚ್ಚು ಮಂದಿ ನೋಡಿದರೆ ಅದು ಆಶ್ಚರ್ಯವಲ್ಲ.

## ಮನೆಯ ಪರದೆಯಲ್ಲಿ

ಒಟಿಟಿಯಲ್ಲಿ ದೀಪದ ತೊಂದರೆಯಿಲ್ಲ, ಇನ್ನೊಂದಿದೆ. ಹೆಸರು ಶುರುವಾದ ಕೂಡಲೇ ಚಿತ್ರ ಮೂಲೆಗೆ ಕುಗ್ಗಿ, ಮುಂದೆ ಇದನ್ನು ನೋಡಿ ಎಂದು ಬೇರೆ ಚಿತ್ರ ಎದ್ದು ಕೂರುತ್ತದೆ. ಸುಮ್ಮನೆ ಬಿಟ್ಟರೆ ಕೆಲವು ಸೆಕೆಂಡಿನಲ್ಲಿ ಅದೇ ಶುರುವೂ ಆಗುತ್ತದೆ. ಕುಗ್ಗಿದ ಚೌಕದ ಮೇಲೆ ಒತ್ತಿದರೆ ಅಥವಾ ಹೆಸರುಗಳನ್ನು ನೋಡುವ ಆಯ್ಕೆ ಆರಿಸಿದರೆ ಚಿತ್ರ ಮತ್ತೆ ಪೂರ್ಣಪರದೆಗೆ ಬರುತ್ತದೆ. ಕೆಳಗಿನ ಸಮಯದ ಗೆರೆಯೂ ಸುಳಿವು ಕೊಡುತ್ತದೆ. ಅದರ ಕೊನೆಯ ಒಂದೆರಡು ನಿಮಿಷಕ್ಕೆ ಬೆರಳು ಎಳೆದಾಗ ಪುಟ್ಟ ಚಿತ್ರದಲ್ಲಿ ಅಕ್ಷರದ ಬದಲು ಮುಖ ಕಂಡರೆ ದೃಶ್ಯವಿದೆ ಎಂದೇ ಲೆಕ್ಕ.

ಟಿವಿಯಲ್ಲಿ ಈ ಉಪಾಯವೂ ನಡೆಯದು. ವಾಹಿನಿಗಳು ಸಮಯ ಉಳಿಸಲು ಮೊದಲು ಕತ್ತರಿಸುವುದೇ ಕೊನೆಯ ಹೆಸರುಗಳನ್ನು, ಅವುಗಳ ಹಿಂದೆ ಕೂತ ದೃಶ್ಯವೂ ಎಷ್ಟೋ ಬಾರಿ ಜೊತೆಗೇ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಕೆಜಿಎಫ್ ನೋಡುವ ಅಜ್ಜಿಯ ಪಾಲಿಗೆ ರಾಕಿಯ ಕಥೆ ಸಮುದ್ರದಲ್ಲೇ ಮುಗಿದಿರುತ್ತದೆ. ಮೂರನೇ ಭಾಗ ಯಾವಾಗ ಎಂದು ಕೇಳುವ ಮೊಮ್ಮಗ ಬೇರೆ ಸಿನಿಮಾ ನೋಡಿ ಬಂದಿರುತ್ತಾನೆ.